ಸುರಂಗದಲ್ಲಿ ರೈಲು ನಿಂತರೆ ಏನು ಹೇಳಬೇಕು? ಐದು ಭಾಷೆಯಲ್ಲಿ ಒಂದು ಅನೌನ್ಸ್‌ಮೆಂಟ್ ಬರೆದ ನನ್ನ ಅನುಭವ

ಬೆಂಗಳೂರಿನ ಮೆಟ್ರೋ ಹಳಿಯ ಪಕ್ಕದಲ್ಲಿ ಇನ್ನೊಂದು ಹಳಿ ಇರುತ್ತದೆ. ಅದಕ್ಕೆ ಮೂರನೇ ಹಳಿ ಅಂತಾರೆ. ರೈಲು ಓಡುವ 750 ವೋಲ್ಟ್ ಡಿಸಿ ಕರೆಂಟ್ ಹರಿಯುವುದು ಅದರಲ್ಲೇ. ಹಾಗಾಗಿ ಸುರಂಗದಲ್ಲಿ ರೈಲು ನಿಂತಾಗ ಮೊದಲ ಭಯ, ಜನ ಗಾಬರಿಯಾಗಿ ಬಾಗಿಲು ತೆಗೆದು ಕೆಳಗೆ ಇಳಿದುಬಿಡುತ್ತಾರೆ ಅನ್ನುವುದು. ರೈಲಿನೊಳಗೆ ಕೇಳಿಸುವ ತುರ್ತು ಅನೌನ್ಸ್‌ಮೆಂಟ್‌ಗಳನ್ನು ಬರೆಯುವ ಕೆಲಸ ನನಗೆ ಬಂದಾಗ ನಾನು ಅತಿ ಹೆಚ್ಚು ಹೊತ್ತು ಕೂತದ್ದು ಈ ಒಂದು ಸಂದರ್ಭದ ಮೇಲೆ. ಕನ್ನಡ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗು, ಹೀಗೆ ಐದು ಭಾಷೆ. ಸಂದರ್ಭ ಇಷ್ಟೇ: ಮೆಜೆಸ್ಟಿಕ್ ಬಿಟ್ಟ ರೈಲು ವಿಧಾನಸೌಧದ ಕಡೆ ಹೋಗುತ್ತಾ ಸುರಂಗದ ನಡುವೆ ನಿಂತಿದೆ. ಹೊಗೆ ಇಲ್ಲ, ಬೆಂಕಿ ಇಲ್ಲ. ಸಂಜೆ ಹೊತ್ತು, ಡಬ್ಬಿ ತುಂಬ ಜನ.

ಕೈಗೆ ಬಂದ ಕರಡು ಹೀಗಿತ್ತು: ‘ಪ್ರಯಾಣಿಕರ ಗಮನಕ್ಕೆ. ತಾಂತ್ರಿಕ ದೋಷದ ಕಾರಣದಿಂದಾಗಿ ರೈಲಿನ ಸಂಚಾರವನ್ನು ತಾತ್ಕಾಲಿಕವಾಗಿ ಸ್ಥಗಿತಗೊಳಿಸಲಾಗಿದ್ದು, ಪ್ರಯಾಣಿಕರು ಗಾಬರಿಗೊಳ್ಳದೆ ರೈಲಿನಲ್ಲೇ ಉಳಿದು ಸಿಬ್ಬಂದಿಯೊಂದಿಗೆ ಸಹಕರಿಸಬೇಕಾಗಿ ವಿನಂತಿ.’ ಕಾಗದದ ಮೇಲೆ ಇದರಲ್ಲಿ ತಪ್ಪೇನೂ ಇಲ್ಲ. ಸಮಾಧಾನವಾಗಿ ಓದಿದರೆ ಹದಿನೈದು ಸೆಕೆಂಡಿಗೂ ಜಾಸ್ತಿ ಬೇಕು. ಜನ ಮಾಡಬೇಕಾದ ಕೆಲಸ ಬರುವುದು ಮೂರರಲ್ಲಿ ಎರಡು ಭಾಗ ಮುಗಿದ ಮೇಲೆ. ಐದು ಭಾಷೆಯಲ್ಲಿ ಇದೇ ಅಳತೆ ಇಟ್ಟರೆ, ಕೊನೆಯ ಭಾಷೆಯವರಿಗೆ ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಏನೂ ತಿಳಿಯುವುದಿಲ್ಲ. ಸ್ಪೀಕರಿನಲ್ಲಿ ಯಾರೋ ಗಂಭೀರವಾಗಿ ಏನೋ ಹೇಳ್ತಿದ್ದಾರೆ ಅಂತ ಮಾತ್ರ ಗೊತ್ತಾಗುತ್ತದೆ. ಭಯ ಹುಟ್ಟುವುದಕ್ಕೆ ಅಷ್ಟೇ ಸಾಕು.

ಅದಕ್ಕೆ ಮೊದಲು ಮಾಡಿದ ಕೆಲಸ, ಸಂದೇಶವನ್ನು ಎರಡು ಸುತ್ತಾಗಿ ಒಡೆದದ್ದು. ಮೊದಲ ಸುತ್ತಿನಲ್ಲಿ ಐದೂ ಭಾಷೆಯಲ್ಲಿ ಮಾಡಬೇಕಾದ್ದು ಮಾತ್ರ. ಭಾಷೆಗೆ ನಾಲ್ಕು ಸೆಕೆಂಡ್ ಹಿಡಿದರೆ ಇಪ್ಪತ್ತು ಸೆಕೆಂಡಿನೊಳಗೆ ಡಬ್ಬಿಯಲ್ಲಿರುವ ಹೆಚ್ಚುಕಡಿಮೆ ಎಲ್ಲರಿಗೂ ಮುಖ್ಯ ಮಾತು ಮುಟ್ಟಿರುತ್ತದೆ. ಕಾರಣ, ಮುಂದೇನು ಅನ್ನುವುದೆಲ್ಲ ಎರಡನೇ ಸುತ್ತಿಗೆ. ಒಂದು ಭಾಷೆಯಲ್ಲಿ ಪೂರ್ತಿ ಹೇಳಿ ಮುಗಿಸಿ ಮುಂದಿನದಕ್ಕೆ ಹೋಗುವ ಪದ್ಧತಿ ಮಾಮೂಲಿ ದಿನದ ಮಾತಿಗೆ ಸರಿ. ತುರ್ತಿನಲ್ಲಿ ಅದು ಕೊನೆಯ ಭಾಷೆಯವರಿಗೆ ಮಾಡುವ ಅನ್ಯಾಯ ಅಂತ ನನಗೆ ಈಗಲೂ ಬಲವಾಗಿ ಅನಿಸುತ್ತದೆ.

ಇನ್ನು ಆ ನಾಲ್ಕು ಸೆಕೆಂಡಿನ ಮಾತು ಯಾವುದು? ನಿಜವಾದ ಕಷ್ಟ ಶುರುವಾಗುವುದು ಇಲ್ಲಿಂದ.

ಬರೆಯುವವರ ಕೈಗೆ ಮೊದಲು ಬರುವುದು ‘ರೈಲಿನಲ್ಲೇ ಉಳಿಯಿರಿ’. ಗದ್ದಲದಲ್ಲಿ ಇದು ಅಪಾಯದ ಮಾತು. ‘ಉಳಿಯಿರಿ’ಗೂ ‘ಇಳಿಯಿರಿ’ಗೂ ಇರುವುದು ಮೊದಲ ಸ್ವರದ ವ್ಯತ್ಯಾಸ ಮಾತ್ರ. ಉ ಮತ್ತು ಇ ಎರಡರಲ್ಲೂ ದನಿಯ ಕೆಳಗಿನ ಭಾಗ ಹತ್ತಿರಹತ್ತಿರ ಒಂದೇ ಥರ ಇರುತ್ತದೆ. ಅವು ಬೇರೆ ಅಂತ ಕಿವಿಗೆ ತಿಳಿಯುವುದು ಮೇಲಿನ ಕಂಪನಾಂಕಗಳಿಂದ. ಜನರ ಮಾತು, ಫ್ಯಾನಿನ ಸದ್ದು, ಚಿಕ್ಕ ಸ್ಪೀಕರ್ ಸೇರಿ ಮೊದಲು ಮುಚ್ಚಿಹಾಕುವುದು ಆ ಮೇಲಿನ ಭಾಗವನ್ನೇ. ಆಗ ಎರಡು ಪದವೂ ‘ಳಿಯಿರಿ’ ಅಂತ ಕೇಳಿಸುತ್ತವೆ. ನಿಂತ ರೈಲಿನಲ್ಲಿ ಕಾತರದಿಂದ ಕಾಯುತ್ತಿರುವವರಿಗೆ ಎರಡರಲ್ಲಿ ಯಾವುದು ಕೇಳಿಸುತ್ತದೆ, ನೀವೇ ಹೇಳಿ.

ಸರಿ, ‘ಕೆಳಗೆ ಇಳಿಯಬೇಡಿ’ ಅಂದರೆ? ಕನ್ನಡದಲ್ಲಿ ಬೇಡ ಅನ್ನುವುದು ಕೊನೆಗೆ ಬರುತ್ತದೆ. ವಾಕ್ಯದ ಕೊನೆಯಲ್ಲಿ ಉಸಿರು ಇಳಿಯುತ್ತದೆ, ದನಿ ತಗ್ಗುತ್ತದೆ, ಅಷ್ಟರಲ್ಲಿ ಯಾರೋ ಕೂಗುತ್ತಾರೆ. ‘ಇಳಿಯಬೇ…’ ತನಕ ಕೇಳಿದವರಿಗೆ ಮುಂದೆ ‘ಡಿ’ ಇತ್ತೋ ‘ಕು’ ಇತ್ತೋ ಗೊತ್ತಾಗುವುದಿಲ್ಲ. ತೆಲುಗಿನಲ್ಲಿ ಇದು ಇನ್ನೂ ಬಿಗಿ: ‘ದಿಗಂಡಿ’ ಅಂದರೆ ಇಳಿಯಿರಿ, ‘ದಿಗಕಂಡಿ’ ಅಂದರೆ ಇಳಿಯಬೇಡಿ. ನಡುವೆ ಒಂದು ‘ಕ’. ಇಂಗ್ಲಿಷಿನಲ್ಲಿ ‘ಡೋಂಟ್’ ಮೊದಲೇ ಬರುವುದರಿಂದ ಅಲ್ಲಿ ಈ ತೊಂದರೆ ಕಡಿಮೆ. ಇಂಗ್ಲಿಷ್ ಕರಡನ್ನು ಮುಂದಿಟ್ಟುಕೊಂಡು ಉಳಿದ ಭಾಷೆಗೆ ಅನುವಾದಿಸಿದರೆ ಈ ಅಪಾಯ ಕಣ್ಣಿಗೆ ಬೀಳದೇ ಹೋಗುತ್ತದೆ. ಅದಕ್ಕೇ ನಾನು ಪ್ರತಿ ಭಾಷೆಯಲ್ಲೂ ಬೇರೆಯಾಗಿ ಬರೆಸಿದೆ. ಬರೆಯುವವರಿಗೆ ವಾಕ್ಯ ಕೊಡಲಿಲ್ಲ, ಸಂದರ್ಭ ಹೇಳಿದೆ.

ಮೂರನೇ ಜೋಡಿ ‘ಒಳಗೆ’ ಮತ್ತು ‘ಹೊರಗೆ’. ನಮ್ಮೂರಿನ ಮಾತಿನಲ್ಲಿ ಹಕಾರ ಎಷ್ಟೋ ಸಲ ಬಿದ್ದೇ ಹೋಗುತ್ತದೆ. ಹ ಹೋದರೆ ಉಳಿಯುವುದು ‘ಒರಗೆ’, ‘ಒಳಗೆ’. ಎರಡೂ ಎದುರುಬದುರು ಅರ್ಥ, ಆದರೆ ಸದ್ದು ಅಣ್ಣತಮ್ಮಂದಿರ ಹಾಗೆ. ತುರ್ತಿನ ಕನ್ನಡದಿಂದ ಈ ಎರಡು ಪದವನ್ನೂ ನಾನು ಪೂರ್ತಿ ಕೈಬಿಟ್ಟೆ. ಒಳಗಿರಬೇಕಾದರೆ ‘ರೈಲಿನಲ್ಲೇ’, ಹೊರಗೆ ಹೋಗಬೇಕಾದರೆ ‘ಮೆಟ್ಟಿಲು ಹತ್ತಿ ರಸ್ತೆಗೆ’. ಹೋಗಬೇಕಾದ ಜಾಗದ ಹೆಸರನ್ನೇ ಹೇಳಿದರೆ ಅರ್ಧ ಕೇಳಿದರೂ ಅರ್ಥ ಕೆಡುವುದಿಲ್ಲ.

ಕೊನೆಗೆ ನಿಂತ ಮೊದಲ ಸುತ್ತಿನ ಕನ್ನಡ ಇದು: ‘ಗಮನಿಸಿ. ಇಲ್ಲೇ ಇರಿ. ರೈಲಿನಲ್ಲೇ ಇರಿ. ಹಳಿ ಪಕ್ಕ ಕರೆಂಟ್ ಇದೆ.’ ‘ಲೇ’ ಮತ್ತು ‘ಇರಿ’ ಕೂಡಿಕೊಂಡು ‘ಲೇರಿ’ ಆಗಬಾರದು. ಅದಕ್ಕೆ ದನಿ ಕೊಡುವವರಿಗೆ ‘ಇರಿ’ಗೆ ಮೊದಲು ಒಂದು ಸಣ್ಣ ತಡೆ ಕೊಡಲು ಹೇಳಿದೆವು, ಹಾಳೆಯಲ್ಲಿ ಗೆರೆ ಎಳೆದೇ ತೋರಿಸಿದೆವು. ಇಳಿಯಬೇಡಿ ಅನ್ನುವ ಮಾತು ಎಲ್ಲೂ ಇಲ್ಲ. ಅದರ ಜಾಗದಲ್ಲಿ ಕಾರಣ ಇದೆ. ಕರೆಂಟ್ ಇದೆ ಅಂದ ಮೇಲೆ ಇಳಿಯಬೇಡಿ ಅಂತ ಬೇರೆ ಹೇಳಬೇಕಾಗಿಲ್ಲ, ಅಲ್ವಾ? ‘ವಿದ್ಯುತ್ ಪ್ರವಾಹ’ ಅಂದಿದ್ದರೆ ಅದು ಓದುವ ಕನ್ನಡ ಆಗುತ್ತಿತ್ತು. ಕರೆಂಟ್ ಅನ್ನುವ ಪದ ಐದೂ ಭಾಷೆಯವರಿಗೆ ಗೊತ್ತು. ಯಾವ ಭಾಷೆಯ ಸರದಿಯಲ್ಲಿ ಕೇಳಿದರೂ ಅದೊಂದು ಪದ ಎಲ್ಲರಿಗೂ ಸಿಗುತ್ತದೆ.

ಉಳಿದ ಭಾಷೆಗಳಲ್ಲೂ ಇದೇ ದಾರಿ ಹಿಡಿದೆವು. ಹಿಂದಿಗೆ ಮೊದಲು ಬಂದದ್ದು ‘ಕೃಪಯಾ ಟ್ರೇನ್ ಕೇ ಭೀತರ್ ಬನೇ ರಹೇಂ’. ಅದು ‘ಟ್ರೇನ್ ಮೇ ಹೀ ರಹಿಯೇ’ ಆಯಿತು. ಶಿವಾಜಿನಗರದಲ್ಲಿ ದಖ್ಖನಿ ಮಾತಾಡುವವರಿಗೂ ಬಿಹಾರದಿಂದ ಬಂದವರಿಗೂ ಇದು ಒಂದೇ ಸಲಕ್ಕೆ ಅರ್ಥವಾಗುತ್ತದೆ. ತಮಿಳಿನಲ್ಲಿ ‘ಟ್ರೈನ್‌ಲಯೇ ಇರುಂಗ’, ತೆಲುಗಿನಲ್ಲಿ ‘ಟ್ರೈನ್‌ಲೋನೇ ಉಂಡಂಡಿ’. ಬೆಂಗಳೂರಿನಲ್ಲಿ ತಲೆಮಾರುಗಳಿಂದ ಇರುವ ಎಷ್ಟೋ ತಮಿಳರು, ತೆಲುಗರು ತಮ್ಮ ಭಾಷೆ ಆಡುತ್ತಾರೆ, ಓದುವುದಿಲ್ಲ. ಪುಸ್ತಕದ ತಮಿಳು ಅವರಿಗೆ ದೂರ.

ಪರೀಕ್ಷೆ ಮಾಡಿದ್ದು ಹೀಗೆ. ಸಂಜೆ ಹೊತ್ತಿನ ರೈಲಿನ ಗದ್ದಲವನ್ನು ರೆಕಾರ್ಡ್ ಮಾಡಿ, ಅದರ ಮೇಲೆ ಅನೌನ್ಸ್‌ಮೆಂಟ್ ಹಾಕಿ, ಒಂದೇ ಸಲ ಕೇಳಿಸುವುದು. ಆಮೇಲೆ ‘ಅರ್ಥ ಆಯ್ತಾ’ ಅಂತ ಕೇಳಬಾರದು. ಎಲ್ಲರೂ ಆಯ್ತು ಅಂತಲೇ ಹೇಳುತ್ತಾರೆ. ‘ಈಗ ಏನು ಮಾಡ್ತೀರಿ’ ಅಂತ ಕೇಳಬೇಕು. ನಮ್ಮ ಕಟ್ಟಡದಲ್ಲಿ ಹೌಸ್‌ಕೀಪಿಂಗ್ ಮಾಡುವ ತೆಲುಗಿನ ಅಕ್ಕನಿಗೆ ‘ದಿಗಕಂಡಿ’ ಇದ್ದ ಹಳೆಯ ಕರಡು ಕೇಳಿಸಿದೆ. ಅವರು ಉತ್ತರ ಹೇಳಲೇ ಇಲ್ಲ. ಎದ್ದು ಬ್ಯಾಗ್ ಹೆಗಲಿಗೆ ಹಾಕಿಕೊಂಡರು. ಯಾಕಕ್ಕಾ ಅಂದರೆ, ‘ದಿಗಮನ್ನಾರು ಕದಾ’ ಅಂದರು. ಇಳಿಯಿರಿ ಅಂದರಲ್ಲ ಅಂತ. ‘ಉಂಡಂಡಿ’ ಇದ್ದ ಕರಡು ಕೇಳಿಸಿದಾಗ ಕೂತೇ ಇದ್ದರು. ಆಮೇಲೆ ‘ದಿಗಕಂಡಿ’ ಬೇಕೋ ಬೇಡವೋ ಅನ್ನುವ ಚರ್ಚೆಯೇ ನಡೆಯಲಿಲ್ಲ.

ಎರಡನೇ ಸುತ್ತಿನಲ್ಲಿ ಎರಡು ವಿಷಯ ಮಾತ್ರ: ರೈಲು ಯಾಕೆ ನಿಂತಿದೆ, ಮತ್ತೆ ಯಾವಾಗ ಹೇಳುತ್ತೇವೆ. ಐದು ನಿಮಿಷದಲ್ಲಿ ಹೊರಡುತ್ತದೆ ಅಂತ ಹೇಳಬಾರದು, ಏಕೆಂದರೆ ಆರನೇ ನಿಮಿಷಕ್ಕೆ ಜನ ನಂಬುವುದನ್ನು ಬಿಡುತ್ತಾರೆ. ‘ಎರಡು ನಿಮಿಷಕ್ಕೆ ಮತ್ತೆ ಹೇಳುತ್ತೇವೆ’ ಅನ್ನುವುದು ಉಳಿಸಿಕೊಳ್ಳಬಹುದಾದ ಮಾತು. ಹೊಸದೇನೂ ಇಲ್ಲದಿದ್ದರೂ ಎರಡು ನಿಮಿಷಕ್ಕೆ ಮಾತಾಡಲೇಬೇಕು.

ನಿಲ್ದಾಣದ ಹೆಸರು ಜೋಡಿಸುವಾಗ ಕನ್ನಡಕ್ಕೆ ಒಂದು ತೊಡಕಿದೆ. ರೆಕಾರ್ಡ್ ಮಾಡಿದ ವಾಕ್ಯದ ನಡುವೆ ಹೆಸರನ್ನು ಬೇರೆಯಾಗಿ ತಂದು ಕೂರಿಸುತ್ತಾರೆ. ಆದರೆ ‘ಮೆಜೆಸ್ಟಿಕ್‌ಗೆ’, ‘ವಿಧಾನಸೌಧಕ್ಕೆ’ ಅಂತ ಹೆಸರಿನ ಬಾಲ ಬದಲಾಗುತ್ತದೆ. ಅದಕ್ಕೆ ಬಾಲವನ್ನು ಹೆಸರಿಗೆ ಅಂಟಿಸದೆ, ‘ನಿಲ್ದಾಣಕ್ಕೆ’ ಅನ್ನುವ ಸ್ಥಿರ ಪದಕ್ಕೆ ಕೊಟ್ಟೆವು: ‘ವಿಧಾನಸೌಧ | ನಿಲ್ದಾಣಕ್ಕೆ’. ತಮಿಳಿಗೂ ತೆಲುಗಿಗೂ ಇದೇ ಉಪಾಯ ಹೊಂದಿತು.

ಇಷ್ಟೆಲ್ಲ ಮಾಡಿದರೂ ಈ ಸಂದೇಶಕ್ಕೆ ಒಂದು ಗಟ್ಟಿ ಮಿತಿ ಇದೆ. 2003ರ ಫೆಬ್ರವರಿಯಲ್ಲಿ ದಕ್ಷಿಣ ಕೊರಿಯಾದ ಡೇಗು ನಗರದ ಸುರಂಗ ರೈಲಿಗೆ ಒಬ್ಬ ಬೆಂಕಿ ಹಚ್ಚಿದ. ಅದೇ ನಿಲ್ದಾಣಕ್ಕೆ ಎದುರಿನಿಂದ ಬಂದು ನಿಂತ ಇನ್ನೊಂದು ರೈಲಿನಲ್ಲಿ, ಒಳಗೇ ಕಾಯಿರಿ ಅಂತ ಜನರಿಗೆ ಹೇಳಲಾಯಿತು. ಆ ಅವಘಡದಲ್ಲಿ ಸತ್ತ 192 ಜನರಲ್ಲಿ ಹೆಚ್ಚಿನವರು ಆ ಎರಡನೇ ರೈಲಿನವರು. ನಾನು ಬರೆದ ‘ರೈಲಿನಲ್ಲೇ ಇರಿ’ ಹೊಗೆಯ ಹೊತ್ತಿನಲ್ಲಿ ಕೊಲ್ಲುವ ಮಾತಾಗುತ್ತದೆ. ಅದಕ್ಕೆ ಹೊಗೆಯ ಸಂದೇಶವನ್ನು ಮೊದಲ ಪದದಿಂದಲೇ ಬೇರೆ ಮಾಡಿದೆವು. ಅದು ‘ಗಮನಿಸಿ’ ಅಂತ ಶುರುವಾಗುವುದಿಲ್ಲ. ‘ಹೊಗೆ! ಹೊಗೆ! ಸಿಬ್ಬಂದಿ ತೋರಿಸುವ ದಾರಿಯಲ್ಲಿ ನಡೆಯಿರಿ’ ಅಂತ ಬರುತ್ತದೆ, ದನಿಯೂ ಬೇರೆಯವರದು.

ಜನ ಗಾಬರಿ ಆಗ್ತಾರೆ, ಹೊಗೆ ಅಂತ ಹೇಳಬೇಡಿ ಅನ್ನುವ ಮಾತು ಈ ಸಂದೇಶದ ಬಗ್ಗೆ ನಡೆದ ಸಭೆಯಲ್ಲೂ ಬಂತು. ಆಗ ನಾನು ಮುಂದಿಟ್ಟದ್ದು ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ನೆಲದಡಿಯ ಮೆಟ್ರೋ ನಿಲ್ದಾಣದಲ್ಲಿ ನಡೆದ ತೆರವು ಅಭ್ಯಾಸಗಳ ಅಧ್ಯಯನ. 1991ರಲ್ಲಿ ಪ್ರಕಟವಾದದ್ದು. ಬರೀ ಗಂಟೆ ಬಾರಿಸಿದಾಗ ಜನ ಕದಲುವುದಕ್ಕೇ ತುಂಬ ಹೊತ್ತು ಹಿಡಿಯಿತು. ಏನಾಗಿದೆ, ಎಲ್ಲಿಗೆ ಹೋಗಬೇಕು ಅಂತ ಸ್ಪೀಕರಿನಲ್ಲಿ ಸ್ಪಷ್ಟವಾಗಿ ಹೇಳಿದಾಗ ಬೇಗ ಹೊರಟರು. ನಿಜ ಹೇಳಿದ್ದಕ್ಕೆ ನೂಕುನುಗ್ಗಲು ಆಗಲಿಲ್ಲ.

ಚಾಲಕರ ಮುಂದಿರುವ ಪಟ್ಟಿಯಲ್ಲಿ ಈ ಎರಡು ಸಂದೇಶಗಳ ಹೆಸರೂ ಗೊಂದಲ ಮಾಡಬಾರದು. ‘ತುರ್ತು 1’, ‘ತುರ್ತು 2’ ಅಂತ ಇದ್ದರೆ ಕೈ ನಡುಗುವ ಹೊತ್ತಿನಲ್ಲಿ ತಪ್ಪು ಗುಂಡಿ ಒತ್ತುವುದು ಸುಲಭ. ‘ನಿಂತಿದೆ, ಹೊಗೆ ಇಲ್ಲ’ ಮತ್ತು ‘ಹೊಗೆ ಇದೆ’ ಅಂತ, ಚಾಲಕರಿಗೆ ಕಣ್ಣೆದುರು ಕಾಣುವುದನ್ನೇ ಹೆಸರಾಗಿಟ್ಟೆವು. ಎರಡೂ ಒಂದರ ಕೆಳಗೊಂದು ಬಾರದ ಹಾಗೆ ಪಟ್ಟಿಯ ಎರಡು ತುದಿಯಲ್ಲಿ ಬರೆಸಿದೆವು. ರೆಕಾರ್ಡಿಂಗ್ ಕೈಕೊಟ್ಟರೆ ಚಾಲಕರೇ ಮೈಕ್ ಹಿಡಿದು ಓದಲು ಒಂದು ಕಾರ್ಡ್ ಇದೆ. ಅದರಲ್ಲಿ ಸಾಲು ಮುರಿದಿರುವುದು ಉಸಿರು ತೆಗೆದುಕೊಳ್ಳುವ ಕಡೆ, ಅಕ್ಷರ ಕೈಯಳತೆಯ ದೂರದಿಂದ ಕನ್ನಡಕ ಇಲ್ಲದೆ ಓದುವಷ್ಟು ದೊಡ್ಡದು. ಆ ಕಾರ್ಡಿನಲ್ಲಿ ಬೇರೆ ಭಾಷೆಯ ಸಾಲುಗಳನ್ನೂ ಕನ್ನಡ ಲಿಪಿಯಲ್ಲೇ ಅಚ್ಚು ಹಾಕಿಸಿದ್ದೇವೆ.