ಆಲ್ಟರೇಶನ್ ಕೆಲಸ: ಮನೆಯಲ್ಲೇ ಇದ್ದು ತಿಂಗಳ ಖರ್ಚು ತೂಗಿಸುವ ಲೆಕ್ಕ

ಗಂಡನಿಲ್ಲದ ಅಥವಾ ಗಂಡನಿಂದ ದೂರವಾದ ಹೆಂಗಸು ಹೊಲಿಗೆ ಶುರುಮಾಡುತ್ತೇನೆ ಎಂದರೆ ಎಲ್ಲರೂ ಹೊಸ ಬಟ್ಟೆ ಹೊಲಿಯುವುದನ್ನೇ ಯೋಚಿಸುತ್ತಾರೆ. ನಾನು ಹೇಳುವುದು ಆಲ್ಟರೇಶನ್ ಬಗ್ಗೆ: ಪ್ಯಾಂಟ್ ಉದ್ದ ಕಡಿಮೆ ಮಾಡುವುದು, ಜಿಪ್ ಬದಲಿಸುವುದು, ಸೊಂಟ ಬಿಡಿಸುವುದು, ಪಕ್ಕದ ಹೊಲಿಗೆ ಒಳಗೆ ತೆಗೆದುಕೊಳ್ಳುವುದು. ಬಟ್ಟೆ ಗಿರಾಕಿಯದೇ, ಆದ್ದರಿಂದ ನಮ್ಮ ದುಡ್ಡು ಸರಕಿನಲ್ಲಿ ಸಿಕ್ಕಿಹಾಕಿಕೊಳ್ಳುವುದಿಲ್ಲ. ಒಂದೊಂದು ಕೆಲಸವೂ ಅರ್ಧ, ಮುಕ್ಕಾಲು ಗಂಟೆಯದು. ಮಗು ಕರೆದರೆ ಎದ್ದು ಹೋಗಿ ಬಂದು, ಬಿಟ್ಟಲ್ಲಿಂದ ಮುಂದುವರಿಸಬಹುದು.

ಉಳಿತಾಯದಲ್ಲಿ ಆರು ತಿಂಗಳ ಮನೆಖರ್ಚನ್ನು ಮೊದಲೇ ಬೇರೆ ಇಡಬೇಕು, ಅದನ್ನು ಮುಟ್ಟಬಾರದು. ಮಿಕ್ಕಿದ್ದರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಈ ಕೆಲಸಕ್ಕೆ ಬೇಡ. ನೇರ ಹೊಲಿಗೆಯ ಗಟ್ಟಿ ಮೆಷಿನ್, ಒಳ್ಳೆಯ ಇಸ್ತ್ರಿಪೆಟ್ಟಿಗೆ, ಎರಡು ಕತ್ತರಿ (ಒಂದು ಬಟ್ಟೆಗೆ ಮಾತ್ರ), ಹೊಲಿಗೆ ಬಿಚ್ಚುವ ಕೊಕ್ಕೆ, ಟೇಪು, ಚಾಕ್ ಮತ್ತು ಬಟ್ಟೆಗಳಲ್ಲಿ ಹೆಚ್ಚು ಬರುವ ಹತ್ತು ಬಣ್ಣದ ದಾರ ಇದ್ದರೆ ಸಾಕು. ಓವರ್‌ಲಾಕ್ ಮೆಷಿನ್ ಶುರುವಿನಲ್ಲೇ ಕೊಳ್ಳಬೇಡಿ, ಅಂಚು ಒಳಗೆ ಮಡಚಿದರೆ ನಡೆಯುತ್ತದೆ. ಹಳೆಯ ಮೆಷಿನ್ ಕೊಳ್ಳುವುದಾದರೆ ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿ, ಎಲ್ಲೂ ತಡೆಯಬಾರದು. ಆಮೇಲೆ ಎರಡು ಪದರ ತೆಳು ಬಟ್ಟೆ, ಆರು ಪದರ ಜೀನ್ಸ್ ಎರಡರ ಮೇಲೂ ಹೊಲಿಸಿ ನೋಡಿ. ತೆಳು ಬಟ್ಟೆಯಲ್ಲಿ ಚೆನ್ನಾಗಿ ಓಡಿ ಜೀನ್ಸ್‌ನಲ್ಲಿ ಹೊಲಿಗೆ ತಪ್ಪಿಸುವ ಮೆಷಿನ್‌ಗಳೇ ಹೆಚ್ಚಾಗಿ ಮಾರಾಟಕ್ಕೆ ಬರುತ್ತವೆ.

ಈಗ ದರದ ವಿಷಯ. ಹೆಚ್ಚಿನವರು ಪಕ್ಕದವರ ದರ ಕೇಳಿ ಅದಕ್ಕಿಂತ ಸ್ವಲ್ಪ ಕಡಿಮೆ ಹೇಳುತ್ತಾರೆ, ಆಮೇಲೆ ತಿಂಗಳ ಕೊನೆಗೆ ಕೈ ಖಾಲಿ. ನಾನು ನಿಮಿಷದ ಲೆಕ್ಕ ಹಾಕುತ್ತೇನೆ. ಮಕ್ಕಳು ಶಾಲೆಯಲ್ಲಿರುವಾಗ ನಾಲ್ಕು ಗಂಟೆ ಸಿಗುತ್ತದೆ ಎಂದಿಟ್ಟುಕೊಳ್ಳಿ. ಅದರಲ್ಲಿ ಒಂದು ಗಂಟೆ ಅಳತೆ, ಮಾತು, ಚೀಟಿ ಬರೆಯುವುದಕ್ಕೇ ಹೋಗುತ್ತದೆ. ಉಳಿದದ್ದು 180 ನಿಮಿಷ, ತಿಂಗಳಿಗೆ 20 ದಿನ ಎಂದರೆ 3600 ನಿಮಿಷ. ಎಲ್ಲ ದಿನವೂ ಕೈತುಂಬ ಕೆಲಸ ಇರುವುದಿಲ್ಲ, ಮಕ್ಕಳಿಗೆ ಜ್ವರವೂ ಬರುತ್ತದೆ. ಹಾಗಾಗಿ 2500 ನಿಮಿಷ ಎಂದೇ ಹಿಡಿಯಿರಿ. ತಿಂಗಳ ಮನೆಖರ್ಚಿಗೆ ದಾರ, ಸೂಜಿ, ಕರೆಂಟು, ಮೆಷಿನ್ ರಿಪೇರಿಯ ಪಾಲು ಸೇರಿಸಿ 2500ರಿಂದ ಭಾಗಿಸಿದರೆ ನಿಮ್ಮ ಒಂದು ನಿಮಿಷದ ಬೆಲೆ ಸಿಗುತ್ತದೆ. 25 ನಿಮಿಷದ ಪ್ಯಾಂಟ್ ಮಡಿಕೆ ಎಂದರೆ ತಿಂಗಳ ಖರ್ಚಿನ ನೂರನೇ ಒಂದು ಭಾಗ. ನಿಮ್ಮ ಕಡೆಯ ದರ ನೂರೈವತ್ತನೇ ಒಂದು ಭಾಗವಷ್ಟೇ ಆದರೆ, ಅದೇ ಕೆಲಸ 16 ನಿಮಿಷದಲ್ಲಿ ಮುಗಿಯಬೇಕು. ಒಂದೇ ಬಣ್ಣದ ದಾರದ ಬಟ್ಟೆಗಳನ್ನೆಲ್ಲ ಒಟ್ಟಿಗೆ ಕೂಡಿಸಿ, ಬಿಚ್ಚುವುದನ್ನು ಒಮ್ಮೆಲೇ, ಇಸ್ತ್ರಿ ಒಮ್ಮೆಲೇ, ಹೊಲಿಗೆ ಒಮ್ಮೆಲೇ ಮಾಡಿದರೆ ಅಷ್ಟು ಸಮಯ ಇಳಿಯುತ್ತದೆ. ಅದಕ್ಕೂ ಕೆಳಗಿನ ದರವಿದ್ದರೆ ಇದೊಂದನ್ನೇ ನಂಬಬೇಡಿ, ಜೊತೆಗೆ ಇನ್ನೊಂದು ಆದಾಯ ಬೇಕೇ ಬೇಕು.

ಪ್ಯಾಂಟ್ ಮಡಿಕೆಯನ್ನೇ ತೆಗೆದುಕೊಳ್ಳೋಣ, ಬರುವ ಕೆಲಸದಲ್ಲಿ ಅದೇ ಹೆಚ್ಚು. ಗಿರಾಕಿ ಯಾವಾಗಲೂ ಹಾಕುವ ಚಪ್ಪಲಿಯನ್ನೋ ಬೂಟನ್ನೋ ಹಾಕಿಕೊಂಡೇ ನಿಲ್ಲಬೇಕು. ಎರಡೂ ಕಾಲು ಅಳೆಯಿರಿ, ಒಂದು ಸೆಂಟಿಮೀಟರ್ ವ್ಯತ್ಯಾಸ ಎಷ್ಟೋ ಜನರಲ್ಲಿರುತ್ತದೆ. ಹತ್ತಿ ಬಟ್ಟೆಯ ಹೊಸ ಪ್ಯಾಂಟ್ ಆದರೆ ಒಮ್ಮೆ ಒಗೆದು ತರಲು ಹೇಳಿ, ಹೊಲಿದ ಮೇಲೆ ಕುಗ್ಗಿದರೆ ತಪ್ಪು ನಮ್ಮ ಮೇಲೆಯೇ ಬರುತ್ತದೆ. 106 ಸೆಂಟಿಮೀಟರ್ ಇರುವುದು 100 ಆಗಬೇಕು ಎಂದುಕೊಳ್ಳಿ. ಮೊದಲು ಹಳೆಯ ಮಡಿಕೆ ಬಿಚ್ಚಿ ಇಸ್ತ್ರಿ ಹಾಕಿ. 100ಕ್ಕೆ ಚಾಕ್ ಗೆರೆ, ಅದರ ಕೆಳಗೆ 4 ಸೆಂಟಿಮೀಟರ್‌ಗೆ ಇನ್ನೊಂದು ಗೆರೆ. ಕತ್ತರಿ ಎರಡನೆಯ ಗೆರೆಯಲ್ಲಿ ಹೋಗಬೇಕು. ಗಡಿಬಿಡಿಯಲ್ಲಿ ಮೊದಲನೆಯದರಲ್ಲಿ ಹೋದರೆ ಪ್ಯಾಂಟ್ ನಮ್ಮ ಪಾಲಿಗೇ ಉಳಿಯಿತು! ಅದಕ್ಕೇ ಕತ್ತರಿಸುವ ಗೆರೆಯನ್ನು ಬೇರೆ ಬಣ್ಣದ ಚಾಕ್‌ನಲ್ಲಿ ಎಳೆಯುವುದು ಒಳ್ಳೆಯದು. ಅಂಚನ್ನು 1 ಸೆಂಟಿಮೀಟರ್ ಮಡಚಿ, ಮತ್ತೆ 3 ಸೆಂಟಿಮೀಟರ್ ಮಡಚಿ, ಇಸ್ತ್ರಿ ಒತ್ತಿ ಹೊಲಿಯಿರಿ.

ಕೆಳಗೆ ಕಿರಿದಾಗುತ್ತಾ ಹೋಗುವ ಪ್ಯಾಂಟ್‌ನಲ್ಲಿ ಒಂದು ತೊಡಕಿದೆ. ಒಳಗೆ ಮಡಚಿದ ಅಂಚು ಕಿರಿದು, ಅದು ಕೂರಬೇಕಾದ ಜಾಗ ಅಗಲ. ಎಳೆದು ಹೊಲಿದರೆ ಹೊರಗಿನಿಂದ ಸುಕ್ಕು ಕಾಣುತ್ತದೆ, ಎಷ್ಟು ಇಸ್ತ್ರಿ ಹಾಕಿದರೂ ಹೋಗುವುದಿಲ್ಲ. ಮಡಿಕೆಯೊಳಗೆ ಹೋಗುವ ಭಾಗದಲ್ಲಿ ಮಾತ್ರ ಪಕ್ಕದ ಹೊಲಿಗೆ ಬಿಚ್ಚಿಬಿಟ್ಟರೆ ಅಂಚು ತಾನಾಗಿ ಅಗಲವಾಗಿ ಕೂರುತ್ತದೆ.

ಜೀನ್ಸ್ ಆದರೆ 16/100 ಸೂಜಿ ಹಾಕಿ. ಸಾಮಾನ್ಯ ಪ್ಯಾಂಟ್ ಬಟ್ಟೆಗೆ 14/90 ಸಾಕು, ಟೀಶರ್ಟ್‌ನಂಥ ಎಳೆಯುವ ಬಟ್ಟೆಗೆ ತುದಿ ದುಂಡಾದ ಸೂಜಿಯೇ ಬೇಕು. ಪಕ್ಕದ ಹೊಲಿಗೆ ಬರುವ ದಪ್ಪ ಜಾಗದಲ್ಲಿ ಮೆಷಿನ್‌ನ ಪಾದ ಮೇಲಕ್ಕೆ ವಾಲುತ್ತದೆ, ಹೊಲಿಗೆ ತಪ್ಪುವುದು, ಸೂಜಿ ಮುರಿಯುವುದು ಅಲ್ಲೇ. ದಪ್ಪಕ್ಕೆ ಬಟ್ಟೆ ಹಾಕಿ ಸುತ್ತಿಗೆಯಿಂದ ತಟ್ಟಿ, ಪಾದದ ಹಿಂದೆ ಅಷ್ಟೇ ದಪ್ಪದ ಚಿಂದಿ ಮಡಚಿಟ್ಟು ಪಾದವನ್ನು ಸಮ ಮಾಡಿಕೊಳ್ಳಿ. ಬಟ್ಟೆಯ ಅಡಿಯಲ್ಲಿ ದಾರ ಗೊಂಚಲಾದರೆ ಎಲ್ಲರೂ ಬಾಬಿನ್ ಬಿಚ್ಚುತ್ತಾರೆ. ತಪ್ಪು ಸಾಮಾನ್ಯವಾಗಿ ಮೇಲಿನ ದಾರದಲ್ಲಿರುತ್ತದೆ. ಪಾದ ಎತ್ತಿಟ್ಟು ದಾರ ಪೋಣಿಸಿದರೆ ಮಾತ್ರ ಅದು ಟೆನ್ಶನ್ ತಟ್ಟೆಗಳ ನಡುವೆ ಸರಿಯಾಗಿ ಕೂರುತ್ತದೆ.

ಜಿಪ್ ಕೆಟ್ಟಿದೆ ಎಂದು ಬಂದವರಲ್ಲಿ ಬಹಳ ಮಂದಿಗೆ ಕೆಟ್ಟಿರುವುದು ರನ್ನರ್ ಅಷ್ಟೇ. ಎಳೆದ ಮೇಲೂ ಹಲ್ಲು ಹಿಂದೆ ಬಿಚ್ಚಿಕೊಳ್ಳುತ್ತಿದ್ದು, ಹಲ್ಲುಗಳೆಲ್ಲ ಇದ್ದರೆ, ರನ್ನರ್‌ನ ಬಾಯಿ ಸಡಿಲವಾಗಿದೆ ಎಂದರ್ಥ. ಇಕ್ಕಳದಿಂದ ಎರಡೂ ಬದಿ ಸ್ವಲ್ಪ ಸ್ವಲ್ಪವೇ ಒತ್ತಿ, ಒಮ್ಮೆಗೇ ಗಟ್ಟಿಯಾಗಿ ಒತ್ತಿದರೆ ಸೀಳುತ್ತದೆ. ಐದು ನಿಮಿಷದ ಕೆಲಸ. ಹಲ್ಲು ಉದುರಿದ್ದರೆ ಮಾತ್ರ ಇಡೀ ಜಿಪ್ ಬದಲಿಸಿ, ಅದು 45 ನಿಮಿಷ.

ಆದಾಯ ಏರುಪೇರಾಗದೆ ಬರಬೇಕಾದರೆ ಮನೆಗೆ ಬರುವ ಗಿರಾಕಿಗಳಷ್ಟೇ ಸಾಲದು. ರೆಡಿಮೇಡ್ ಅಂಗಡಿ, ಇಸ್ತ್ರಿ ಅಂಗಡಿಗಳಿಂದ ವಾರಕ್ಕೆ ಎರಡು ಸಲ ಗಂಟು ತರಬೇಕು. ಆದರೆ ಒಂದೇ ಅಂಗಡಿಯಿಂದ ಅರ್ಧಕ್ಕಿಂತ ಹೆಚ್ಚು ಕೆಲಸ ಹಿಡಿಯಬೇಡಿ, ಅವರು ಕೊಡುವುದನ್ನು ತಡಮಾಡಿದರೆ ಮನೆ ನಿಂತುಹೋಗುತ್ತದೆ. ವಾರಕ್ಕೊಮ್ಮೆ ಲೆಕ್ಕ ತೀರಿಸುವುದೆಂದು ಮೊದಲ ದಿನವೇ ಹೇಳಿ. ಪ್ರತಿ ಬಟ್ಟೆಗೂ ಚೀಟಿ ಪಿನ್ ಮಾಡಿ: ಏನು ಕೆಲಸ, ಎಷ್ಟು ಸೆಂಟಿಮೀಟರ್, ಯಾವ ದಿನ. ಬಟ್ಟೆ ತೆಗೆದುಕೊಳ್ಳುವಾಗಲೇ ಕಲೆ, ತೂತು ಕಂಡರೆ ಗಿರಾಕಿಗೆ ತೋರಿಸಿ ಚೀಟಿಯಲ್ಲಿ ಬರೆಯಿರಿ.

ಮಕ್ಕಳಿರುವ ಮನೆಯಲ್ಲಿ ಪಿನ್‌ಗಳನ್ನು ಎಣಿಸಿ ತೆಗೆದು ಎಣಿಸಿ ಇಡುವುದು ರೂಢಿಯಾಗಲಿ, ಕೆಳಗೆ ಬಿದ್ದದ್ದಕ್ಕೆ ಒಂದು ಅಯಸ್ಕಾಂತ. ಸೂಜಿ ಮುರಿದರೆ ಎರಡೂ ತುಂಡು ಸಿಗುವವರೆಗೆ ಏಳಬಾರದು. ಮಕ್ಕಳು ಮಲಗಿದ ಮೇಲೆ ಕೂರುವುದಾದರೆ ಬಿಚ್ಚುವುದು, ಗುಂಡಿ ಹಾಕುವುದು ಇಟ್ಟುಕೊಳ್ಳಿ. ಕಪ್ಪು, ಕಡುನೀಲಿ ದಾರವನ್ನು ರಾತ್ರಿ ದೀಪದಲ್ಲಿ ಹೊಂದಿಸಿದರೆ ಬೆಳಗ್ಗೆ ಮತ್ತೆ ಬಿಚ್ಚಬೇಕಾಗುತ್ತದೆ.