ಡೀಸೆಲ್ ಕಾರಿಗೆ ಪೆಟ್ರೋಲ್ ಬಿತ್ತೇ? ಕೀ ತಿರುಗಿಸಬೇಡಿ

ಹೆಬ್ಬಾಳದ ಹತ್ತಿರದ ಬಂಕ್‌ನಲ್ಲಿ ನಿಮ್ಮ ಡೀಸೆಲ್ ಕಾರಿಗೆ 2000 ರೂಪಾಯಿಗೆ ಹಾಕಿಸಿದಿರಿ ಎಂದುಕೊಳ್ಳಿ. ಬಿಲ್ ನೋಡಿದರೆ ಲೀಟರಿನ ದರ ನೂರು ರೂಪಾಯಿಗಿಂತ ಮೇಲಿದೆ. ಬೆಂಗಳೂರಿನಲ್ಲಿ ಅದು ಪೆಟ್ರೋಲ್ ದರ; ಡೀಸೆಲ್ ಇನ್ನೂ ಕಡಿಮೆ. 50 ಲೀಟರ್ ಟ್ಯಾಂಕಿನಲ್ಲಿ 10 ಲೀಟರ್ ಡೀಸೆಲ್ ಉಳಿದಿತ್ತು ಎಂದರೆ, ಈಗ ಅದರ ಮೇಲೆ ಸುಮಾರು 19 ಲೀಟರ್ ಪೆಟ್ರೋಲ್ ಸೇರಿದೆ.

ಇದನ್ನು ಡ್ಯಾಶ್‌ಬೋರ್ಡ್ ಹೇಳುತ್ತದೆ ಎಂದು ಕಾಯಬೇಡಿ. ಟ್ಯಾಂಕಿನೊಳಗಿನ ತೇಲುಗುಂಡು ಮಟ್ಟವನ್ನಷ್ಟೇ ಅಳೆಯುತ್ತದೆ. ಮುಳ್ಳು ಅರ್ಧ ದಾಟಿ ನಿಲ್ಲುತ್ತದೆ, ಇನ್ನೆಷ್ಟು ಕಿ.ಮೀ. ಹೋಗಬಹುದು ಎಂಬ ಲೆಕ್ಕವೂ ಏರುತ್ತದೆ. ನೋಡಿದರೆ ಎಲ್ಲ ಸರಿಯಾಗಿಯೇ ಇದೆ! ಎಂಜಿನ್ ದೀಪ ಹೊತ್ತಿಕೊಳ್ಳುವುದು ಪೆಟ್ರೋಲ್ ಒಳಗೆ ಹೋಗಿ ಇಂಧನದ ಒತ್ತಡ ಕುಸಿದ ಮೇಲೆ. ಪೈಪಿನಲ್ಲಿ ಉಳಿದ ಡೀಸೆಲ್‌ನಿಂದಲೇ ಕಾರು ಸ್ವಲ್ಪ ದೂರ ಚೆನ್ನಾಗಿ ಓಡುವುದರಿಂದ ಮೋಸ ಹೋಗುವವರೇ ಹೆಚ್ಚು. ಆಮೇಲೆ ಎಳೆತ ಕಡಿಮೆಯಾಗುತ್ತದೆ, ಎಂಜಿನ್ ಕಟಕಟ ಎನ್ನುತ್ತದೆ, ಮೇಲ್ಸೇತುವೆಯ ಏರಿನಲ್ಲೇ ನಿಂತುಬಿಡಬಹುದು.

ಇಂದಿನ ಡೀಸೆಲ್ ಕಾರುಗಳಲ್ಲಿರುವುದು ಕಾಮನ್ ರೈಲ್ ಎಂಜಿನ್, ಅಂದರೆ ರೈಲ್ ಎಂಬ ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರ್‌ಗಳಿಗೂ ಡೀಸೆಲ್ ಹೋಗುವಂಥದ್ದು. ಅದರ ಹೈ ಪ್ರೆಶರ್ ಪಂಪಿಗೆ ಸಾಮಾನ್ಯವಾಗಿ ಬೇರೆ ಎಣ್ಣೆ ಇರುವುದಿಲ್ಲ. ಹರಿಯುವ ಡೀಸೆಲ್ಲೇ ಅದರ ಜಿಡ್ಡು. ಪೆಟ್ರೋಲ್ ಆ ಜಿಡ್ಡನ್ನು ತೊಳೆದು ಹಾಕುತ್ತದೆ. ಲೋಹಕ್ಕೆ ಲೋಹ ಉಜ್ಜಿ ಉದುರುವ ಸಣ್ಣ ಚೂರುಗಳು ಇಂಜೆಕ್ಟರ್‌ಗಳವರೆಗೂ ಹೋಗುತ್ತವೆ.

‘ಸ್ಟಾರ್ಟ್ ಮಾಡಲ್ಲ, ಇಗ್ನಿಷನ್ ಮಾತ್ರ ಆನ್ ಮಾಡ್ತೀನಿ’ ಎನ್ನುವುದೂ ಬೇಡ. ಅನೇಕ ಕಾರುಗಳಲ್ಲಿ ಕೀ ಆನ್ ಆದ ಕೂಡಲೇ ಟ್ಯಾಂಕಿನೊಳಗಿನ ಪಂಪ್ ಇಂಧನವನ್ನು ಮುಂದಕ್ಕೆ ತಳ್ಳುತ್ತದೆ.

ಮೊದಲು ಬಂಕ್‌ನವರಿಗೆ ತಿಳಿಸಿ, ಬಿಲ್ ಇಟ್ಟುಕೊಳ್ಳಿ. ಕಾರನ್ನು ನ್ಯೂಟ್ರಲ್‌ಗೆ ಹಾಕಿ ಪಕ್ಕಕ್ಕೆ ತಳ್ಳಿಸಿ. ಸ್ಟೀರಿಂಗ್ ಲಾಕ್ ಬಿಡಿಸಬೇಕಿದ್ದರೆ ಕೀಯನ್ನು ಮೊದಲ ಹಂತ, ಅಂದರೆ ಆಕ್ಸೆಸರಿ ದಾಟಿಸಬೇಡಿ. ಬಟನ್ ಇರುವ ಕಾರಾದರೆ ಬ್ರೇಕ್, ಕ್ಲಚ್ ಯಾವುದನ್ನೂ ಒತ್ತದೆ ಒಮ್ಮೆ ಮಾತ್ರ ಬಟನ್ ಒತ್ತಿ. ಎರಡನೇ ಸಲ ಒತ್ತಿದರೆ ಬಹುತೇಕ ಕಾರುಗಳಲ್ಲಿ ಇಗ್ನಿಷನ್ ಆನ್ ಆಗುತ್ತದೆ. ಎಂಜಿನ್ ಆಫ್ ಇರುವುದರಿಂದ ಬ್ರೇಕ್, ಸ್ಟೀರಿಂಗ್ ಎರಡೂ ಬಿಗಿಯಾಗಿರುತ್ತವೆ, ನಿಧಾನವಾಗಿ ತಳ್ಳಿಸಿ. ಆಮೇಲೆ ರೋಡ್‌ಸೈಡ್ ಅಸಿಸ್ಟೆನ್ಸ್‌ಗೆ ಫೋನ್ ಮಾಡಿ ಕಾರನ್ನು ಹೊತ್ತೊಯ್ಯುವ ಫ್ಲಾಟ್‌ಬೆಡ್ ಲಾರಿ ಕರೆಸಿ.

ಬಂಕ್‌ನಲ್ಲೇ ಪೈಪ್ ಹಾಕಿ ಬಕೆಟ್ಟಿಗೆ ಇಳಿಸುವ ಸಲಹೆ ಬರುತ್ತದೆ, ಒಪ್ಪಬೇಡಿ. ಪೆಟ್ರೋಲ್ ಆವಿಗೆ ಒಂದು ಕಿಡಿ ಸಾಕು. ‘ಮೇಲೆ ಡೀಸೆಲ್ ತುಂಬಿಸಿ ಓಡಿಸಿ’ ಎಂದರೂ ಕೇಳಬೇಡಿ. ನಮ್ಮ ಉದಾಹರಣೆಯ ಟ್ಯಾಂಕ್ ಭರ್ತಿ ಮಾಡಿದರೂ ಐದರಲ್ಲಿ ಸುಮಾರು ಎರಡು ಪಾಲು ಪೆಟ್ರೋಲೇ ಇರುತ್ತದೆ.

ಸ್ಟಾರ್ಟ್ ಮಾಡಿರದಿದ್ದರೆ ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಟ್ಯಾಂಕ್ ಖಾಲಿ ಮಾಡಿ, ಲೈನ್ ತೊಳೆದು, ಫಿಲ್ಟರ್ ಬದಲಿಸಿ ಹೊಸ ಡೀಸೆಲ್ ಹಾಕಿದರೆ ಸಾಕು. ಓಡಿಸಿಬಿಟ್ಟಿದ್ದರೆ ಅದನ್ನು ಮುಚ್ಚಿಡದೆ ಹೇಳಿ, ಹಳೆಯ ಫಿಲ್ಟರ್ ಬಿಚ್ಚಿಸಿ ನೋಡಿ. ಅದರಲ್ಲಿ ಮಿನುಗುವ ಲೋಹದ ಪುಡಿ ಕಂಡರೆ ಪಂಪ್, ರೈಲ್, ಇಂಜೆಕ್ಟರ್‌ಗಳನ್ನೂ ತಪಾಸಣೆ ಮಾಡಿಸದೆ ಕಾರು ತೆಗೆದುಕೊಂಡು ಬರಬೇಡಿ.