0.999… ಯಾಕೆ 1: ನಾನು ಬೋರ್ಡಿನ ಮೇಲೆ ಬಿಡಿಸುವ ಬಗೆ

ಆವರ್ತ ದಶಮಾಂಶವನ್ನು ಭಿನ್ನರಾಶಿ ಮಾಡಲು ಹೈಸ್ಕೂಲಿನಲ್ಲಿ ಕಲಿಯುವ ಉಪಾಯ ಎಲ್ಲರಿಗೂ ಗೊತ್ತು. x = 0.999… ಎಂದಿಟ್ಟುಕೊಂಡರೆ 10x = 9.999…, ಒಂದರಿಂದ ಒಂದನ್ನು ಕಳೆದರೆ 9x = 9, ಹಾಗಾಗಿ x = 1. ಉತ್ತರ ಸರಿಯೇ. ಆದರೆ ಇಷ್ಟನ್ನೇ ಸಾಧನೆ ಎಂದು ನಾನು ಒಪ್ಪುವುದಿಲ್ಲ. ಇದೇ ಉಪಾಯವನ್ನು y = 9 + 90 + 900 + … ಎಂಬುದರ ಮೇಲೆ ಹಾಕಿ ನೋಡಿ. 10y = 90 + 900 + …, y ಯಿಂದ ಅದನ್ನು ಕಳೆದರೆ −9y = 9, ಅಂದರೆ y = −1. ಬರೀ ಧನ ಸಂಖ್ಯೆಗಳನ್ನು ಕೂಡಿದ್ದಕ್ಕೆ ಋಣ ಸಂಖ್ಯೆ ಬಂತು! ಕಳೆಯುವುದರಲ್ಲಿ ತಪ್ಪಾಗಿಲ್ಲ. y ಎಂಬ ವಾಸ್ತವ ಸಂಖ್ಯೆ ಇದೆಯೋ ಇಲ್ಲವೋ ನೋಡದೆ ಲೆಕ್ಕ ಶುರು ಮಾಡಿದ್ದೇ ತಪ್ಪು.

ಅದಕ್ಕೇ ನಾನು ಮೂರು ಚುಕ್ಕಿಗಳನ್ನು ಮೊದಲು ಅಳಿಸಿ, n ಒಂಬತ್ತುಗಳಿಗೆ ನಿಲ್ಲಿಸುತ್ತೇನೆ:

S_n = 9/10 + 9/100 + … + 9/10ⁿ

ಇದು ಮೊದಲ ಪದ 9/10, ಸಾಮಾನ್ಯ ಅನುಪಾತ 1/10 ಇರುವ ಗುಣೋತ್ತರ ಶ್ರೇಢಿಯ ಭಾಗಶಃ ಮೊತ್ತ. ಸೂತ್ರವನ್ನು ನೆನಪಿನಿಂದ ಎತ್ತಿ ಹಾಕುವುದಕ್ಕಿಂತ ಇಲ್ಲೇ ಬಿಡಿಸುವುದು ಲೇಸು. ಎರಡೂ ಕಡೆ 10 ರಿಂದ ಗುಣಿಸಿ:

10·S_n = 9 + 9/10 + … + 9/10ⁿ⁻¹

ಮೇಲಿನದನ್ನು ಇದರಿಂದ ಕಳೆದರೆ ನಡುವಿನ ಪದಗಳೆಲ್ಲ ವಜಾ ಆಗಿ ಎರಡೇ ಉಳಿಯುತ್ತವೆ: 9·S_n = 9 − 9/10ⁿ. ಅಂದರೆ

S_n = 1 − 1/10ⁿ

ಹೈಸ್ಕೂಲಿನ ಉಪಾಯ ಬಚ್ಚಿಟ್ಟದ್ದು ಈ ಬಾಲದ ಪದವನ್ನೇ. 9 + 90 + … ಗೆ ಇದೇ ಕೆಲಸ ಮಾಡಿದರೆ n ಪದಗಳ ಮೊತ್ತ 10ⁿ − 1. ಅಲ್ಲಿನ ಬಾಲ 10ⁿ, ಅದು ಬೆಳೆಯುತ್ತಲೇ ಹೋಗುತ್ತದೆ. ಅದನ್ನು ಬಿಸಾಕಿದ್ದರಿಂದಲೇ −1 ಬಂದದ್ದು. ನಮ್ಮ ಬಾಲ 1/10ⁿ. ಇದನ್ನು ಬಿಡಬಹುದೇ ಎಂಬುದಷ್ಟೇ ಈಗಿನ ಪ್ರಶ್ನೆ.

ಲಿಮಿಟ್ ಬೇಕಾಗುವುದು ಇಲ್ಲಿ. ನೀವು ಯಾವುದೇ ಧನ ಅಂತರ ಹೇಳಿ, ಒಂದು ಹಂತದ ನಂತರದ ಎಲ್ಲ S_n ಗಳೂ 1 ರಿಂದ ಅದಕ್ಕಿಂತ ಕಡಿಮೆ ದೂರದಲ್ಲಿರಬೇಕು. 0.00003 ಎಂದಿರಿ. n = 4 ಸಾಲದು, ದೂರ 0.0001. n = 5 ಆದರೆ ದೂರ 0.00001, ಸಾಕು, ಮುಂದಿನ ಪ್ರತಿ n ಗೂ ದೂರ ಇನ್ನೂ ಕಡಿಮೆ. ಅಂತರ ಎಷ್ಟೇ ಸಣ್ಣದಿರಲಿ, ಅದರ ವಿಲೋಮಕ್ಕಿಂತ 10ⁿ ಒಂದಲ್ಲ ಒಂದು ಕಡೆ ದೊಡ್ಡದಾಗಲೇಬೇಕು.

ಲಿಮಿಟ್ 1 ಕ್ಕಿಂತ ಕೂದಲೆಳೆಯಷ್ಟು ಕಡಿಮೆ ಇರಬಾರದೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಒಂದು ಸಂಖ್ಯೆ ಹೇಳಿ ಎನ್ನುತ್ತೇನೆ. 0.9999998 ಎಂದರೆ S_7 = 0.9999999 ಆಗಲೇ ಅದನ್ನು ದಾಟಿದೆ, ಮುಂದಿನವು ಇನ್ನೂ ದೂರ ಸರಿಯುತ್ತವೆ. 1 ಕ್ಕಿಂತ ಚಿಕ್ಕದಾದ ಯಾವ ಸಂಖ್ಯೆಗೂ ಇದೇ ಗತಿ.

‘ಯಾವ S_n ಕೂಡ 1 ಆಗುವುದಿಲ್ಲವಲ್ಲ’ ಎಂಬುದು ಹೆಚ್ಚು ಗಟ್ಟಿಯಾದ ಆಕ್ಷೇಪ, ಮತ್ತು ಆ ಮಾತು ನಿಜ. ಆದರೆ 0.999… ಎಂಬುದು S_n ಗಳ ಸಾಲಿನಲ್ಲಿ ಎಲ್ಲೋ ಕೊನೆಗೆ ನಿಂತ ಪದವಲ್ಲ. ಸಾಲಿಗೆ ಕೊನೆಯೇ ಇಲ್ಲ. ಕೊನೆಯಿಲ್ಲದ ದಶಮಾಂಶದ ಬೆಲೆ ಎಂದರೆ ಅದರ ಭಾಗಶಃ ಮೊತ್ತಗಳ ಲಿಮಿಟ್, ಇದು ವ್ಯಾಖ್ಯೆ. 0.333… ಅನ್ನು 1/3 ಎನ್ನುವಾಗಲೂ ಇದನ್ನೇ ಬಳಸಿರುತ್ತೇವೆ, ಅಲ್ಲಿ ಮಾತ್ರ ಯಾರೂ ತಕರಾರು ತೆಗೆಯುವುದಿಲ್ಲ. ‘0.000…1 ಉಳಿಯುತ್ತದೆ’ ಎನ್ನುವವರಿಗೆ ಆ 1 ಎಷ್ಟನೇ ಸ್ಥಾನದಲ್ಲಿದೆ ಎಂದು ಕೇಳಿದರೆ ಸಾಕು. ಸ್ಥಾನ ಹೇಳಿದರೆ ಅವರ ಕೈಯಲ್ಲಿರುವುದು ಒಂದು S_n ನ ಬಾಲ, 0.999… ಅಲ್ಲ.

ಕಂಪ್ಯೂಟರಿನಲ್ಲಿ ತೋರಿಸುವಾಗ ಒಂದು ಎಚ್ಚರ ಬೇಕು. ಪೈಥಾನ್‌ನಲ್ಲಿ `1 - 10**-16` ಕೊಟ್ಟರೆ 0.9999999999999999 ಬರುತ್ತದೆ, `1 - 10**-17` ಕೊಟ್ಟರೆ 1.0. ಇದನ್ನೇ ಸಾಕ್ಷಿ ಎಂದು ತೋರಿಸುವವರಿದ್ದಾರೆ. ಅದು ಯಂತ್ರದ ಪೂರ್ಣಾಂಕನ ದೋಷ ಅಷ್ಟೇ. S_17 ನಿಜಕ್ಕೂ 1 ಅಲ್ಲ. ಭಿನ್ನರಾಶಿಯಲ್ಲೇ ಕೂಡಿಸಿದರೆ ಬಾಲ ಸ್ಪಷ್ಟವಾಗಿ ಕಾಣುತ್ತದೆ:

```python
from fractions import Fraction
s = Fraction(0)
for n in range(1, 21):
    s += Fraction(9, 10**n)
    print(n, 1 - s)
```

1/10, 1/100 ಹೀಗೆ ಪ್ರತಿ ಸಾಲಿನಲ್ಲೂ 1/10ⁿ ಮೂಡುತ್ತದೆ, ಎಲ್ಲೂ ಸೊನ್ನೆ ಆಗುವುದಿಲ್ಲ. ಲಿಮಿಟ್ ಸೊನ್ನೆ ಎನ್ನುವುದನ್ನು ಪ್ರೋಗ್ರಾಂ ಹೇಳಲಾರದು, ಆ ಅಸಮತೆಯನ್ನು ನಾವೇ ಬರೆಯಬೇಕು.

ಇದು ಹತ್ತರ ಆಧಾರದ ವಿಶೇಷವೂ ಅಲ್ಲ. ಎರಡರ ಆಧಾರದಲ್ಲಿ 0.111… ಬರೆದರೆ S_n = 1 − 1/2ⁿ, ಲಿಮಿಟ್ ಮತ್ತೆ 1. ಹತ್ತರಲ್ಲೇ ಇದ್ದರೂ 2.36999… ಎಂದರೆ 2.36 ಕ್ಕೆ 0.999… ರ ನೂರನೇ ಒಂದು ಭಾಗ ಸೇರಿಸಿದ್ದು, ಅಂದರೆ 2.37.